ಸಕ್ಕರೆ ಕಾರ್ಖಾನೆಯ ತಪಾಸಣಾ ಟಿಪ್ಪಣಿ: ಎಂ.ಡಿ. ಮುಂದೆ ಏನು ಇಡಬೇಕು?

ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರು ಮತ್ತು ಹಿಡಕಲ್ ಜಲಾಶಯದ ಕಾಲುವೆಗಳು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳನ್ನು ಕಬ್ಬಿನ ನಾಡಾಗಿಸಿವೆ. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕದ ಘಟಪ್ರಭಾ ಸಹಕಾರಿ ಕಾರ್ಖಾನೆಗಳಿಂದ ಹಿಡಿದು ಹುಣಶ್ಯಾಳ ಪಿ.ಜಿ., ಬೆಲ್ಲದ ಬಾಗೇವಾಡಿಗಳ ಖಾಸಗಿ ಕಾರ್ಖಾನೆಗಳ ತನಕ ಇಲ್ಲಿನ ಚಿಮಣಿಗಳೆಲ್ಲ ಚಳಿಗಾಲದಲ್ಲಿ ಒಟ್ಟಿಗೇ ಹೊಗೆಯಾಡುತ್ತವೆ. ತಪಾಸಣೆಗಳೂ ಅದೇ ಹಂಗಾಮಿನಲ್ಲಿ ಬರುತ್ತವೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ನೀರಿನ ಮಾದರಿ ತೆಗೆದುಕೊಳ್ಳುತ್ತಾರೆ, ಕಾನೂನು ಮಾಪನಶಾಸ್ತ್ರ ಇಲಾಖೆಯವರು ವೇಬ್ರಿಜ್ ನೋಡುತ್ತಾರೆ, ಕಬ್ಬು ಅಭಿವೃದ್ಧಿ ಆಯುಕ್ತರ ಕಚೇರಿ ಕಬ್ಬಿನ ಬಿಲ್ಲಿನ ಲೆಕ್ಕ ಕೇಳುತ್ತದೆ. ಇವೆಲ್ಲ ಮುಗಿದ ಮೇಲೆ, ಅಥವಾ ಇವು ಬರುವ ಮೊದಲೇ ಒಳಗಿನ ತಪಾಸಣೆ ಮಾಡಿಕೊಂಡು, ಕಾರ್ಖಾನೆಯ ಅನುಪಾಲನಾ ಅಧಿಕಾರಿ ವ್ಯವಸ್ಥಾಪಕ ನಿರ್ದೇಶಕರಿಗೆ ಒಂದು ಟಿಪ್ಪಣಿ ಬರೆಯುತ್ತಾರೆ. ಆ ಹಂಗಾಮಿನಲ್ಲಿ ನದಿಗೆ ಏನು ಸೇರುತ್ತದೆ, ರೈತನ ಖಾತೆಗೆ ಎಷ್ಟು ಸೇರುತ್ತದೆ ಎಂಬುದರ ಬಹುಪಾಲು ಆ ಟಿಪ್ಪಣಿಯನ್ನು ಬರೆದ ರೀತಿಯ ಮೇಲೆ ನಿಂತಿರುತ್ತದೆ.

ಸಾಮಾನ್ಯವಾಗಿ ಬರುವ ಟಿಪ್ಪಣಿಯಲ್ಲಿ ‘ಇಟಿಪಿ ಸಮರ್ಪಕವಾಗಿ ಕೆಲಸ ಮಾಡುತ್ತಿಲ್ಲ, ಸೂಕ್ತ ಕ್ರಮ ಕೈಗೊಳ್ಳಲು ಕೋರಿದೆ’ ಎಂಬಂಥ ವಾಕ್ಯಗಳಿರುತ್ತವೆ. ಎಂ.ಡಿ. ಅದರ ಅಂಚಿನಲ್ಲಿ ‘ಕ್ರಮ ಕೈಗೊಳ್ಳಿ’ ಎಂದು ಬರೆದು ಸಹಿ ಮಾಡುತ್ತಾರೆ. ಕಾಗದ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ, ಕೊಳವೆಯಲ್ಲಿ ಹರಿಯುವ ನೀರು ಹಾಗೇ ಇರುತ್ತದೆ. ಎಷ್ಟು ಕೆಟ್ಟಿದೆ, ಯಾಕೆ ಕೆಟ್ಟಿದೆ, ಎಂ.ಡಿ. ಮಾತ್ರ ಮಾಡಬಹುದಾದ ತೀರ್ಮಾನ ಯಾವುದು ಎಂಬ ಮೂರೂ ಆ ವಾಕ್ಯದಲ್ಲಿ ಇಲ್ಲ.

ಒಳ್ಳೆಯ ಟಿಪ್ಪಣಿ ಹೇಗಿರಬೇಕೆಂದು ನೋಡಲು ದಿನಕ್ಕೆ 5,000 ಟನ್ ಕಬ್ಬು ನುರಿಸುವ ಒಂದು ಕಾರ್ಖಾನೆಯನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳಬಹುದು. ಇದು ಮೇಲೆ ಹೆಸರಿಸಿದ ಯಾವ ಕಾರ್ಖಾನೆಯೂ ಅಲ್ಲ. ಅಂಕಿಗಳು ಉದಾಹರಣೆಯವು, ನಿಯಮಗಳು ಮಾತ್ರ ನಿಜವಾದವು.

ಮೊದಲಿಗೆ ನೀರು. ಕಬ್ಬಿನ ತೂಕದಲ್ಲಿ ಸುಮಾರು ಶೇ. 70 ಭಾಗ ನೀರೇ. 5,000 ಟನ್ ಕಬ್ಬಿನ ಜೊತೆ ಸುಮಾರು 3,500 ಟನ್ ನೀರು ಪ್ರತಿದಿನ ಗೇಟಿನೊಳಗೆ ಬರುತ್ತದೆ. ರಸ ಕುದಿಯುವಾಗ ಅದು ಆವಿಯಾಗಿ, ತಣಿದು, ಕಂಡೆನ್ಸೇಟ್ ಆಗಿ ಮರಳುತ್ತದೆ. ಚೆನ್ನಾಗಿ ನಡೆಯುವ ಸಕ್ಕರೆ ಕಾರ್ಖಾನೆಗೆ ಹೊಳೆಯ ನೀರು ಬಹಳ ಬೇಕಾಗುವುದಿಲ್ಲ, ಒಳಗೆ ಬಂದ ನೀರನ್ನು ಎಲ್ಲಿ ಇಡುವುದು ಎಂಬುದೇ ಅದರ ಚಿಂತೆ. ಕೇಂದ್ರ ಪರಿಸರ ಸಚಿವಾಲಯ 2016ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆ ಇದಕ್ಕೊಂದು ಮಿತಿ ಹಾಕಿದೆ: ನುರಿಸಿದ ಪ್ರತಿ ಟನ್ ಕಬ್ಬಿಗೆ ಹೊರಹೋಗುವ ನೀರು 200 ಲೀಟರ್ ಮೀರಬಾರದು. ಅದರಲ್ಲಿ 100 ಲೀಟರ್ ಇಟಿಪಿಯಿಂದ ಶುದ್ಧವಾಗಿ ಬರುವ ನೀರು, ಉಳಿದ 100 ಲೀಟರ್ ಸ್ಪ್ರೇ ಪಾಂಡ್ ತುಂಬಿ ಹರಿಯುವ ಅಥವಾ ಕೂಲಿಂಗ್ ಟವರಿನಿಂದ ಬಿಡುವ ನೀರು. ನಮ್ಮ ಉದಾಹರಣೆಯ ಕಾರ್ಖಾನೆಗೆ ದಿನಕ್ಕೆ ತಲಾ 500 ಘನ ಮೀಟರ್ ಎಂದಾಯಿತು.

ತಪಾಸಣೆಯ ದಿನ ಇಟಿಪಿ ಹೊರದಾರಿಯ ಮೀಟರ್ 520 ತೋರಿಸುತ್ತದೆ ಎನ್ನೋಣ. ಮಿತಿಗಿಂತ ತುಸು ಹೆಚ್ಚು, ಗಾಬರಿಪಡುವಷ್ಟಲ್ಲ. ಬಹಳ ಕಡೆ ಟಿಪ್ಪಣಿ ಇಲ್ಲಿಗೇ ನಿಲ್ಲುತ್ತದೆ. ಆದರೆ ಸ್ಪ್ರೇ ಪಾಂಡಿನಿಂದ ಹರಿದುಹೋಗುವ ನೀರಿಗೆ ಮೀಟರೇ ಇಲ್ಲ. ಆ ಗಟಾರಕ್ಕೆ ತೊಂಬತ್ತು ಡಿಗ್ರಿಯ ‘ವಿ’ ಆಕಾರದ ಕಚ್ಚು ಕೊಯ್ದ ತಗಡೊಂದನ್ನು ಅಡ್ಡ ನಿಲ್ಲಿಸಿ, ಕಚ್ಚಿನ ತಳದಿಂದ ನೀರು ಎಷ್ಟು ಎತ್ತರ ನಿಂತಿದೆ ಎಂದು ಅಳೆದರೆ ಹರಿವು ಸಿಗುತ್ತದೆ. 12 ಸೆಂಟಿಮೀಟರ್ ಎತ್ತರ ಎಂದರೆ ಸೆಕೆಂಡಿಗೆ ಸುಮಾರು 6.9 ಲೀಟರ್, ದಿನಕ್ಕೆ ಸುಮಾರು 595 ಘನ ಮೀಟರ್. ಎರಡೂ ಸೇರಿ 1,115. ಟನ್ನಿಗೆ 223 ಲೀಟರ್. ಒಂದು ತಗಡು ಮತ್ತು ಒಂದು ಅಳತೆ ಪಟ್ಟಿ ಇದ್ದರೆ ಸಾಕಾಗುವ ಈ ಕೆಲಸವನ್ನು ಮಾಡದೆ ಬರೆದ ಟಿಪ್ಪಣಿಗೆ ಬೆಲೆಯಿಲ್ಲ. ಮೀಟರ್ ಇರುವ ಕೊಳವೆಯ ಲೆಕ್ಕ ಎಲ್ಲರ ಹತ್ತಿರವೂ ಇರುತ್ತದೆ, ತಪ್ಪು ಇರುವುದು ಮೀಟರ್ ಇಲ್ಲದ ಗಟಾರದಲ್ಲಿ.

ಮುಂದಿನ ಪ್ರಶ್ನೆ, ಸ್ಪ್ರೇ ಪಾಂಡ್ ಯಾಕೆ ತುಂಬಿ ಹರಿಯುತ್ತಿದೆ? ಉಪಯೋಗಿಸದೆ ಉಳಿದ ಬಿಸಿ ಕಂಡೆನ್ಸೇಟನ್ನು ಅಲ್ಲಿಗೆ ಬಿಡುತ್ತಿರುವುದು ಕಾರಣ. ಪ್ರಮಾಣದ ಜೊತೆ ನೀರಿನ ಗುಣವೂ ಕೆಡುತ್ತಿರಬಹುದು, ಅದು ಹೆಚ್ಚು ಕೆಡುಕಿನದು. ಪ್ಯಾನುಗಳಲ್ಲಿ ರಸವನ್ನು ಅವಸರದಿಂದ ಕುದಿಸಿದಾಗ ಆವಿಯ ಜೊತೆ ರಸದ ಹನಿಗಳೂ ಹಾರಿ ಕಂಡೆನ್ಸರಿಗೆ ಹೋಗುತ್ತವೆ. ಸಕ್ಕರೆ ಸೇರಿದ ಆ ನೀರು ಹುಳಿಯುತ್ತದೆ, ಪಿಎಚ್ ಇಳಿಯುತ್ತದೆ, ಅದರ ಬಿಓಡಿ ಏರುತ್ತದೆ. ಬಿಓಡಿ ಎಂದರೆ ನೀರಿನಲ್ಲಿರುವ ಕೊಳೆಯುವ ಪದಾರ್ಥವನ್ನು ಅರಗಿಸಲು ಸೂಕ್ಷ್ಮಜೀವಿಗಳು ಎಳೆದುಕೊಳ್ಳುವ ಆಮ್ಲಜನಕ. ಹೊಳೆಗೆ ಬಿಡುವ ನೀರಿನಲ್ಲಿ ಅದು ಲೀಟರಿಗೆ 30 ಮಿಲಿಗ್ರಾಂ, ಭೂಮಿಗೆ ಹಾಯಿಸುವ ನೀರಿನಲ್ಲಿ 100 ಮಿಲಿಗ್ರಾಂ ಮೀರಬಾರದು. ಮೀರಿದ ನೀರು ಬೇಸಿಗೆಯ ಘಟಪ್ರಭೆಯಂಥ ತೆಳ್ಳಗಿನ ಹರಿವಿಗೆ ಸೇರಿದರೆ ಮೀನಿಗೆ ಉಸಿರಾಡಲು ಆಮ್ಲಜನಕ ಉಳಿಯುವುದಿಲ್ಲ.

ಈ ಸಕ್ಕರೆಯನ್ನು ಹಿಡಿಯುವ ವಿಧಾನ ಪ್ರತಿ ಕಾರ್ಖಾನೆಯ ಲ್ಯಾಬಿನಲ್ಲೂ ಇದೆ. ಪರೀಕ್ಷಾ ನಳಿಕೆಯಲ್ಲಿ ಸ್ವಲ್ಪ ನೀರು ತೆಗೆದುಕೊಂಡು, ಆಲ್ಫಾ ನ್ಯಾಫ್ತಾಲ್ ದ್ರಾವಣದ ಕೆಲವು ಹನಿ ಹಾಕಿ, ಗಾಜಿನ ಗೋಡೆಯ ಮೇಲೆ ಗಂಧಕಾಮ್ಲವನ್ನು ಮೆಲ್ಲಗೆ ಇಳಿಬಿಡುತ್ತಾರೆ. ಎರಡೂ ಕೂಡುವಲ್ಲಿ ನೇರಳೆ ಬಣ್ಣದ ಉಂಗುರ ಮೂಡಿದರೆ ನೀರಿನಲ್ಲಿ ಸಕ್ಕರೆ ಇದೆ. ಬಾಯ್ಲರ್ ಕೆಡಬಾರದೆಂದು ಶಿಫ್ಟ್ ಕೆಮಿಸ್ಟರು ಬಾಯ್ಲರಿಗೆ ಹೋಗುವ ಕಂಡೆನ್ಸೇಟಿಗೆ ಈ ಪರೀಕ್ಷೆ ಮಾಡುತ್ತಲೇ ಇರುತ್ತಾರೆ. ಸ್ಪ್ರೇ ಪಾಂಡಿನ ನೀರಿಗೂ ಮಾಡಿ, ಯಾವ ಶಿಫ್ಟಿನಲ್ಲಿ ಉಂಗುರ ಗಾಢವಾಗಿದೆ ಎಂದು ಒಂದು ವಾರದ ವಹಿ ನೋಡಿದರೆ ತಪ್ಪು ಯಾವ ಹೊತ್ತಿನದು ಎಂದು ಗೊತ್ತಾಗುತ್ತದೆ. ಅನುಪಾಲನಾ ಅಧಿಕಾರಿ ಓದಬೇಕಾದದ್ದು ಈ ವಹಿಯನ್ನು. ಮಂಡಳಿಗೆ ಕಳಿಸಿದ ವರದಿಯ ನಕಲಿನಲ್ಲಿ ಇದು ಸಿಗುವುದಿಲ್ಲ.

ಈಗ ತೀರ್ಮಾನಕ್ಕೆ ಬರೋಣ. ಹಾರುವ ಹನಿಗಳನ್ನು ತಡೆಯಲು ಪ್ಯಾನಿನ ಮೇಲಿರುವ ಕ್ಯಾಚರನ್ನು ಮುಂದಿನ ಕ್ಲೀನಿಂಗ್ ನಿಲುಗಡೆಯಲ್ಲಿ ತೊಳೆದು ದುರಸ್ತಿ ಮಾಡುವುದು ಉತ್ಪಾದನಾ ವಿಭಾಗದ ಕೆಲಸ, ಅದನ್ನು ಎಂ.ಡಿ. ಮುಂದೆ ತರುವ ಅಗತ್ಯವಿಲ್ಲ. ಉಳಿದ ಕಂಡೆನ್ಸೇಟನ್ನು ಶುದ್ಧಿ ಮಾಡಿ ಮತ್ತೆ ಬಳಸುವ ಘಟಕ ಬೇಕೆಂದರೆ ಬಂಡವಾಳ ಬೇಕು, ಅದು ಎಂ.ಡಿ.ಯವರಿಗೆ ಹೋಗಬೇಕಾದ ವಿಷಯ. ಘಟಕ ಬರುವ ತನಕ ಪ್ಯಾನುಗಳ ವೇಗ ಇಳಿಸುವುದೇ ಎಂಬುದೂ ಅವರದೇ ತೀರ್ಮಾನ, ಏಕೆಂದರೆ ವೇಗ ಇಳಿದರೆ ನುರಿಸುವ ಕಬ್ಬೂ ಇಳಿಯುತ್ತದೆ. ಇಲ್ಲಿ ಒಂದು ಮಾತನ್ನು ಟಿಪ್ಪಣಿ ಬಿಡಿಸಿ ಹೇಳಬೇಕು. ಮಿತಿ ಇರುವುದು ಪ್ರತಿ ಟನ್ನಿಗೆ. ಕಬ್ಬು ಕಡಿಮೆ ಮಾಡಿದ ಮಾತ್ರಕ್ಕೆ ಟನ್ನಿನ ಲೆಕ್ಕ ಇಳಿಯುವುದಿಲ್ಲ. ವೇಗ ಇಳಿಸುವುದರಿಂದ ರಸ ಹಾರುವುದು ನಿಂತು ನೀರಿನ ಗುಣ ಸುಧಾರಿಸುತ್ತದೆ, ಪ್ರಮಾಣ ಸುಧಾರಿಸಬೇಕಾದರೆ ಕಂಡೆನ್ಸೇಟಿಗೆ ಬೇರೆ ದಾರಿ ಬೇಕು. ಈ ವ್ಯತ್ಯಾಸ ತಿಳಿಯದೆ ‘ಹತ್ತು ಪರ್ಸೆಂಟ್ ಕ್ರಷಿಂಗ್ ಇಳಿಸಿ’ ಎಂದು ಆದೇಶ ಹೊರಟರೆ ಹೊಲದಲ್ಲಿ ಕಬ್ಬು ಒಣಗುತ್ತದೆ, ಗಟಾರ ಹಾಗೇ ಹರಿಯುತ್ತದೆ.

ಎರಡನೆಯದು ಭೂಮಿ. ಇಟಿಪಿಯಿಂದ ಬರುವ ನೀರನ್ನು ಬಹಳಷ್ಟು ಕಾರ್ಖಾನೆಗಳು ತಮ್ಮ ಜಮೀನಿಗೆ ಹಾಯಿಸುತ್ತವೆ. ಎಷ್ಟು ಹಾಯಿಸಬಹುದು ಎಂಬುದು ಮಣ್ಣನ್ನು ಅವಲಂಬಿಸಿದೆ, ಆ ಲೆಕ್ಕವೂ 2016ರ ಅಧಿಸೂಚನೆಯಲ್ಲಿದೆ. ಮರಳುಮಿಶ್ರಿತ ಗೋಡು ಮಣ್ಣಿಗೆ ಹೆಕ್ಟೇರಿಗೆ ದಿನಕ್ಕೆ 170ರಿಂದ 225 ಘನ ಮೀಟರ್. ಜೇಡಿ ಮಣ್ಣಿಗೆ 35ರಿಂದ 55 ಮಾತ್ರ. ಗೋಕಾಕ-ಮೂಡಲಗಿ ಭಾಗದಲ್ಲಿ ಎರೆ ಭೂಮಿ ಬಹಳ, ಅದು ಈ ಕೊನೆಯ ಗುಂಪಿಗೆ ಸೇರುತ್ತದೆ. ಉದಾಹರಣೆಯ ಕಾರ್ಖಾನೆಯ ನೀರಾವರಿ ಯೋಜನೆಯಲ್ಲಿ ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆ ಎಂದು ಬರೆದಿದೆ ಎನ್ನೋಣ. ಮಣ್ಣು ಮರಳುಮಿಶ್ರಿತವಾಗಿದ್ದರೆ 520 ಘನ ಮೀಟರಿಗೆ ಅದು ಸಾಕಾಗುತ್ತಿತ್ತು. ಎರೆ ಮಣ್ಣಾದರೆ ಕನಿಷ್ಠ ಒಂಬತ್ತೂವರೆ ಹೆಕ್ಟೇರ್ ಬೇಕು, ಕಟ್ಟುನಿಟ್ಟಾಗಿ ಹಿಡಿದರೆ ಹದಿನೈದು. ಎಕರೆಯಲ್ಲಿ 23ರಿಂದ 37.

ಇಂಥ ತಪ್ಪು ಕಾಗದದಲ್ಲಿ ಕಾಣುವುದಿಲ್ಲ, ಹೊಲದಲ್ಲಿ ಕಾಣುತ್ತದೆ. ಬದುವಿನ ಬದಿಯಲ್ಲಿ ನೀರು ಬತ್ತದೆ ನಿಂತಿರುತ್ತದೆ, ಜೊಂಡು ಹುಲ್ಲು ಬೆಳೆದಿರುತ್ತದೆ, ಒಣಗಿದ ಕಡೆ ಬಿಳಿ ಉಪ್ಪು ಏಳುತ್ತದೆ, ಕೆಳಗಿನ ಹೊಲದವರ ಬಾವಿ ನೀರಿಗೆ ವಾಸನೆ ಬರುತ್ತದೆ. ತಪಾಸಣೆಯ ದಿನ ಇಟಿಪಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಬದಲು ಆ ಬಾವಿಯ ತನಕ ನಡೆದುಹೋಗುವುದು ಒಳ್ಳೆಯದು. ಬೇಕಾದ ಹೆಚ್ಚುವರಿ ಜಮೀನಿಗೆ ಪಕ್ಕದ ರೈತರೊಂದಿಗೆ ಒಪ್ಪಂದ ಆಗಬೇಕು, ಅದಕ್ಕೆ ಸಹಿ ಹಾಕುವವರು ಎಂ.ಡಿ. ಕಾರ್ಖಾನೆಯ ನೀರು ರೈತರಿಗೆ ಬೇಕಾಗದ ದಿನಗಳೂ ಇರುತ್ತವೆ. ಮಳೆ ಬಂದಾಗ, ಕಟಾವಿನ ಹೊತ್ತಿಗೆ ಯಾರೂ ನೀರು ತೆಗೆದುಕೊಳ್ಳುವುದಿಲ್ಲ. ಅಂಥ ದಿನಗಳಿಗೆ ನೀರು ಇಂಗದಂತೆ ಹಾಳೆ ಹಾಸಿದ, 15 ದಿನದ ನೀರು ಹಿಡಿಯುವ ಹೊಂಡ ಇರಬೇಕು. ನಿಯಮದ ಮಿತಿಯಾದ 500 ಘನ ಮೀಟರಿನಂತೆ 7,500 ಘನ ಮೀಟರ್. ಮೂರು ಮೀಟರ್ ಆಳ ತೋಡಿದರೂ ನೀರಿನ ಹರವಿಗೇ 25 ಗುಂಟೆ ಬೇಕು, ಇಳಿಜಾರು ಮತ್ತು ಏರಿಗೆ ಇನ್ನೂ ಹೆಚ್ಚು. ಹಂಗಾಮಿನ ನಡುವೆ ಕಟ್ಟಲು ಬರುವಂಥದ್ದಲ್ಲ ಇದು.

ಆನ್‌ಲೈನ್ ಮೀಟರಿನ ಬಗ್ಗೆಯೂ ಎರಡು ಮಾತು ಹೇಳಬೇಕು. ಹೆಚ್ಚು ಮಾಲಿನ್ಯದ 17 ಬಗೆಯ ಉದ್ಯಮಗಳಲ್ಲಿ ಸಕ್ಕರೆಯೂ ಒಂದು. ಈ ಉದ್ಯಮಗಳೆಲ್ಲ ಸತತ ಅಳೆಯುವ ಉಪಕರಣ ಹಾಕಿ ಅಂಕಿಗಳನ್ನು ಮಂಡಳಿಯ ಸರ್ವರಿಗೆ ನೇರವಾಗಿ ಕಳಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರ ಫೆಬ್ರುವರಿಯಲ್ಲೇ ನಿರ್ದೇಶನ ಕೊಟ್ಟಿದೆ. ಉಪಕರಣ ಬಿಓಡಿಯನ್ನು ನೇರವಾಗಿ ಅಳೆಯುವುದಿಲ್ಲ, ಬೇರೆ ಗುಣದಿಂದ ಅಂದಾಜು ಮಾಡುತ್ತದೆ. ಲ್ಯಾಬಿನಲ್ಲಿ ಅದೇ ನೀರನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ನೋಡಿದ ಅಂಕಿಯೊಂದಿಗೆ ಹೋಲಿಸಿ ಆಗಾಗ ಹೊಂದಿಸದಿದ್ದರೆ ಅಂದಾಜು ದಾರಿ ತಪ್ಪುತ್ತದೆ. ನಿಜವಾದ ನೀರಿನ ಅಂಕಿ ದಿನವಿಡೀ ಏರಿಳಿಯುತ್ತದೆ, ಮಿಲ್ ತೊಳೆದ ಹೊತ್ತಿನಲ್ಲಂತೂ ಜಿಗಿಯುತ್ತದೆ. ಗಂಟೆಗಟ್ಟಲೆ ಗೆರೆ ಎಳೆದಂತೆ ಒಂದೇ ಅಂಕಿ ಬಂದರೆ ಸೆನ್ಸರಿಗೆ ಪಾಚಿ ಹಿಡಿದಿದೆ, ಇಲ್ಲವೇ ಅದು ಇರಬೇಕಾದ ನೀರಿನಲ್ಲಿ ಇಲ್ಲ. ಏರೇಟರಿನ ವಿದ್ಯುತ್ ಮೀಟರ್ ಓದಿದರೆ ಇನ್ನೊಂದು ಸಾಕ್ಷಿ ಸಿಗುತ್ತದೆ: ರಾತ್ರಿ ಯಂತ್ರ ನಿಲ್ಲಿಸಿದ್ದರೆ ಯೂನಿಟ್ಟುಗಳು ಹೇಳಿಬಿಡುತ್ತವೆ.

ಇಷ್ಟರ ತನಕ ನದಿಯ ಕಡೆಯ ವಿಷಯ. ರೈತನ ಕಡೆಯ ತಪಾಸಣೆಯನ್ನು ಬೇರೆ ಕಡತಕ್ಕೆ ಸೇರಿಸುವ ರೂಢಿ ಇದೆ, ಅದು ಸರಿಯಲ್ಲ. 2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ರೈತರು ರಸ್ತೆಯಲ್ಲಿ ಕೂತರು. ನವೆಂಬರ್ 7ರಂದು ಸರ್ಕಾರ 3,300 ರೂಪಾಯಿ ಎಂದು ಪ್ರಕಟಿಸಬೇಕಾಯಿತು. ಬೆಲೆಯ ಸಿಟ್ಟಿನ ಜೊತೆಗೆ ತೂಕ, ರಿಕವರಿ, ಬಿಲ್ಲಿನ ವಿಳಂಬದ ಮೇಲಿನ ಹಳೆಯ ಅಪನಂಬಿಕೆಯೂ ಈ ಭಾಗದ ರೈತರ ಮಾತಿನಲ್ಲಿ ಯಾವಾಗಲೂ ಇರುತ್ತದೆ. ಆ ಅಪನಂಬಿಕೆಗೆ ಕಾರ್ಖಾನೆ ಕೊಡಬಹುದಾದ ಉತ್ತರ ಅಳತೆಯೊಂದೇ.

ವೇಬ್ರಿಜ್‌ಗೆ ಪ್ರತಿ ವರ್ಷ ಮರುಪರಿಶೀಲನೆ ಆಗಿ ಮುದ್ರೆ ಬೀಳಬೇಕು. ಮುದ್ರೆ ಇದ್ದ ಮಾತ್ರಕ್ಕೆ ತೂಕ ಸರಿ ಎಂದಲ್ಲ. ತುಂಬಿದ ಟ್ರ್ಯಾಕ್ಟರನ್ನು ಪ್ಲಾಟ್‌ಫಾರ್ಮಿನ ಮುಂದೆ, ನಡುವೆ, ಹಿಂದೆ ನಿಲ್ಲಿಸಿ ತೂಗಿದಾಗ ಮೂರೂ ಒಂದೇ ಬರಬೇಕು. ಬೇರೆ ಬೇರೆ ಬಂದರೆ ಕೆಳಗಿನ ಯಾವುದೋ ಲೋಡ್‌ಸೆಲ್ ಕೆಟ್ಟಿದೆ, ಇಲ್ಲವೇ ತಳದಲ್ಲಿ ರವದಿ-ಮಣ್ಣು ಸಿಕ್ಕಿಕೊಂಡಿದೆ. ಖಾಲಿ ಗಾಡಿಯನ್ನು ಪ್ರತಿ ಸಲ ತೂಗುತ್ತಾರೋ, ಹಳೆಯ ತೂಕವನ್ನೇ ಕಂಪ್ಯೂಟರಿನಿಂದ ಎತ್ತಿ ಹಾಕುತ್ತಾರೋ ಎಂಬುದನ್ನೂ ನೋಡಬೇಕು. ಶೇ. 1ರ ತಪ್ಪು 15 ಟನ್ ಲೋಡಿನಲ್ಲಿ 150 ಕಿಲೊ, 3,300 ರೂಪಾಯಿ ದರದಲ್ಲಿ 495 ರೂಪಾಯಿ. ಅದು ಒಬ್ಬ ರೈತನ ಒಂದು ಲೋಡಿನ ಲೆಕ್ಕ. ಕಾರ್ಖಾನೆಯ ಲೆಕ್ಕದಲ್ಲಿ ಅದೇ ತಪ್ಪು ದಿನಕ್ಕೆ 50 ಟನ್, ಅಂದರೆ 1 ಲಕ್ಷ 65 ಸಾವಿರ ರೂಪಾಯಿ. ಎಂ.ಡಿ. ಮುಂದೆ ಈ ಎರಡನೆಯ ಅಂಕಿ ಬಂದಾಗ ಆ ವೇಬ್ರಿಜ್ ಅಂದೇ ನಿಲ್ಲಿಸಿ ಇನ್ನೊಂದರಲ್ಲಿ ತೂಗುವ ತೀರ್ಮಾನ ಕಷ್ಟವಾಗುವುದಿಲ್ಲ.

ಹಣದ ವಿಷಯದಲ್ಲಿ 1966ರ ಕಬ್ಬು ನಿಯಂತ್ರಣ ಆದೇಶ ಸ್ಪಷ್ಟವಾಗಿದೆ. ಕಬ್ಬು ಒಪ್ಪಿಸಿದ 14 ದಿನಗಳಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಿ ಕೊಡಬೇಕು. 2025-26ಕ್ಕೆ ಕೇಂದ್ರದ ಎಫ್‌ಆರ್‌ಪಿ ಶೇ. 10.25 ರಿಕವರಿಗೆ ಕ್ವಿಂಟಲಿಗೆ 355 ರೂಪಾಯಿ. ಕಟಾವು-ಸಾಗಣೆ ವೆಚ್ಚ ಕಳೆಯುವ ಮೊದಲಿನ ಈ ದರದಲ್ಲಿ ಒಂದು ವಾರದ ಕಬ್ಬು ಸುಮಾರು 12 ಕೋಟಿ 42 ಲಕ್ಷ ರೂಪಾಯಿ ಆಗುತ್ತದೆ. ಅಷ್ಟು ಹಣ 14 ದಿನ ಕಳೆದು ಇನ್ನೂ 20 ದಿನ ತಡವಾದರೆ ಬಡ್ಡಿಯೇ ಹತ್ತು ಲಕ್ಷ ಮೀರುತ್ತದೆ. ಬಾಕಿಯ ಪಟ್ಟಿಯಲ್ಲಿ ಈ ಬಡ್ಡಿಯ ಕಾಲಂ ಇದೆಯೇ ಎಂದು ನೋಡುವುದು ಸುಲಭದ ತಪಾಸಣೆ. ಕಾಲಂ ಇಲ್ಲದಿದ್ದರೆ ಬಡ್ಡಿ ಕೊಡುವ ಯೋಚನೆಯೇ ಇಲ್ಲ ಎಂದರ್ಥ, ಹಾಗೆಂದು ಟಿಪ್ಪಣಿಯಲ್ಲಿ ಬರೆಯುವ ಧೈರ್ಯ ಅಧಿಕಾರಿಗೆ ಇರಬೇಕು.

ಇವೆಲ್ಲವನ್ನೂ ಎಂ.ಡಿ.ಗೆ ಹೇಗೆ ಹೇಳುವುದು? ಒಂದೂವರೆ ಪುಟ ಸಾಕು. ಮೊದಲ ಸಾಲುಗಳಲ್ಲೇ ಕೇಳಬೇಕಾದದ್ದನ್ನು ಕೇಳಬೇಕು: ಕಂಡೆನ್ಸೇಟ್ ಘಟಕಕ್ಕೆ ಅನುಮೋದನೆ, ಹೆಚ್ಚುವರಿ ಜಮೀನಿನ ಒಪ್ಪಂದ, ಕೆಟ್ಟ ವೇಬ್ರಿಜ್ ನಿಲ್ಲಿಸುವ ಆದೇಶ, ಬಡ್ಡಿ ಸೇರಿಸಿ ಬಾಕಿ ತೀರಿಸುವ ದಿನಾಂಕ. ಆಮೇಲೆ ಒಂದೊಂದಕ್ಕೂ ಕಂಡದ್ದು, ಅಳೆದದ್ದು, ನಿಯಮ ಹೇಳುವುದು, ಸುಮ್ಮನಿದ್ದರೆ ಆಗುವ ಖರ್ಚು. ನೀರಿನ ವಿಷಯವನ್ನು ಹೀಗೆ ಬರೆಯಬಹುದು: ‘ಸ್ಪ್ರೇ ಪಾಂಡಿನ ಹೊರಹರಿವು ದಿನಕ್ಕೆ ಸುಮಾರು 595 ಘನ ಮೀಟರ್ ಇದೆ, ಮಿತಿ 500. ಕ್ಯಾಚರ್ ದುರಸ್ತಿ ಮುಂದಿನ ಕ್ಲೀನಿಂಗ್‌ನಲ್ಲಿ ಆಗುತ್ತದೆ, ಅದಕ್ಕೆ ತಮ್ಮ ಆದೇಶ ಬೇಕಿಲ್ಲ. ಹೊರಹರಿವು ಮಿತಿಗೆ ಬರಲು ಕಂಡೆನ್ಸೇಟ್ ಘಟಕ ಬೇಕು. ಅದನ್ನು ಆಡಳಿತ ಮಂಡಳಿಯ ಮುಂದಿನ ಸಭೆಗೆ ಒಯ್ಯುವ ಬಗ್ಗೆ ಈ ವಾರದೊಳಗೆ ತಮ್ಮ ತೀರ್ಮಾನ ಬೇಕು.’

ಸುಮ್ಮನಿದ್ದರೆ ಆಗುವ ಖರ್ಚನ್ನು ಊಹಿಸುವ ಅಗತ್ಯವಿಲ್ಲ. ಕೇಂದ್ರ ಮಂಡಳಿಯ ಪರಿಸರ ಪರಿಹಾರದ ಸೂತ್ರವೇ ಇದೆ: ಮಾಲಿನ್ಯ ಸೂಚ್ಯಂಕ, ಉಲ್ಲಂಘನೆಯ ದಿನಗಳು, ರೂಪಾಯಿಯ ದರ, ಉದ್ಯಮದ ಗಾತ್ರ, ಸ್ಥಳ ಇವುಗಳ ಗುಣಾಕಾರ. ಕೆಂಪು ವರ್ಗಕ್ಕೆ ಸೂಚ್ಯಂಕ 80, ರೂಪಾಯಿಯ ದರ ಸಾಮಾನ್ಯವಾಗಿ 250, ದೊಡ್ಡ ಉದ್ಯಮಕ್ಕೆ 1.5, ದೊಡ್ಡ ನಗರಗಳಿಂದ ದೂರದ ಸ್ಥಳಕ್ಕೆ 1. ದಿನಕ್ಕೆ 30,000 ರೂಪಾಯಿ. ಅರವತ್ತು ದಿನಕ್ಕೆ 18 ಲಕ್ಷ. ಈ ಪರಿಹಾರಕ್ಕಿಂತ ದೊಡ್ಡದು ಜಲ ಕಾಯ್ದೆಯ 33ಎ ವಿಧಿ. ಅದರಡಿ ಕಾರ್ಖಾನೆ ಮುಚ್ಚಲು, ವಿದ್ಯುತ್ ಕಡಿತ ಮಾಡಲು ಮಂಡಳಿ ನಿರ್ದೇಶನ ಕೊಡಬಹುದು. ಜನವರಿಯಲ್ಲಿ ಹಾಗಾದರೆ ಮೊದಲು ನಷ್ಟ ಆಗುವುದು ಕಡಿದು ಗಾಡಿಗೆ ಏರಿಸಿದ ಕಬ್ಬಿನ ರೈತನಿಗೆ ಮತ್ತು ಗ್ಯಾಂಗಿನ ಕೂಲಿಗಳಿಗೆ.

ಅದೇ 1974ರ ಜಲ ಕಾಯ್ದೆಯ 47ನೇ ವಿಧಿ ಕಂಪನಿಯ ಹೊಣೆ ಹೊತ್ತವರನ್ನು ತಪ್ಪಿತಸ್ಥರೆಂದು ಎಣಿಸುತ್ತದೆ. ತನಗೆ ತಿಳಿಯದೆ ಆಯಿತು, ಅಥವಾ ತಡೆಯಲು ಎಲ್ಲ ಎಚ್ಚರ ವಹಿಸಿದ್ದೆ ಎಂದು ಸಾಬೀತು ಮಾಡಿದರೆ ಮಾತ್ರ ಬಿಡುಗಡೆ. ಟಿಪ್ಪಣಿ ಮೇಜಿಗೆ ಬಂದ ಮೇಲೆ ‘ತಿಳಿದಿರಲಿಲ್ಲ’ ಎಂಬ ದಾರಿ ಮುಚ್ಚುತ್ತದೆ. ಇದೇ ಕಾರಣಕ್ಕೆ ಕೆಲವರು ಟಿಪ್ಪಣಿಯನ್ನು ಬರಹದಲ್ಲಿ ಬೇಡ, ಬಾಯಲ್ಲಿ ಹೇಳಿ ಎನ್ನುತ್ತಾರೆ. ಅದು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡಂತೆ. ಎಚ್ಚರ ವಹಿಸಿದ್ದಕ್ಕೆ ಸಾಕ್ಷಿಯೂ ಆ ಬರಹವೇ, ಅದರ ಕೆಳಗೆ ಬರೆದ ಆದೇಶವೇ.

ಸಹಕಾರಿ ಕಾರ್ಖಾನೆಗಳಲ್ಲಿ ಇನ್ನೊಂದು ತೊಡಕಿದೆ. ಎಷ್ಟೋ ಕಡೆ ಎಂ.ಡಿ. ಸರ್ಕಾರದಿಂದ ನಿಯೋಜನೆಯ ಮೇಲೆ ಬಂದವರು, ವರ್ಗವಾಗಿ ಹೋಗುತ್ತಾರೆ. ದೊಡ್ಡ ಖರ್ಚು ಚುನಾಯಿತ ಆಡಳಿತ ಮಂಡಳಿಯ ಕೈಯಲ್ಲಿದೆ. ಹಾಗಾಗಿ ಎಂ.ಡಿ. ತಾವೇ ಮಾಡಬಹುದಾದ ಆದೇಶ ಯಾವುದು, ಮಂಡಳಿಗೆ ಒಯ್ಯಬೇಕಾದದ್ದು ಯಾವುದು ಎಂದು ಟಿಪ್ಪಣಿ ವಿಂಗಡಿಸಿರಬೇಕು, ಹೊಸಬರು ಬಂದಾಗ ಹಳೆಯ ಟಿಪ್ಪಣಿ ಅವರ ಮುಂದೆ ಮತ್ತೆ ಬರಬೇಕು. ಖಾಸಗಿ ಕಾರ್ಖಾನೆಯಲ್ಲಿ ಅಧಿಕಾರಿಯ ಸಂಬಳ ಉತ್ಪಾದನಾ ಮುಖ್ಯಸ್ಥರ ಶಿಫಾರಸಿನ ಮೇಲೆ ಇದ್ದರೆ ಅವರು ಪ್ಯಾನಿನ ತಪ್ಪನ್ನು ಬರೆಯುವುದು ಕಷ್ಟ. ಅವರು ನೇರವಾಗಿ ಎಂ.ಡಿ.ಗೆ ವರದಿ ಮಾಡುವಂತಿರಬೇಕು.

ಕೊನೆಗೆ ಕಾಲದ ಮಾತು. ಇಟಿಪಿಯ ತೊಟ್ಟಿಯಲ್ಲಿ ಕೆಲಸ ಮಾಡುವುದು ಸೂಕ್ಷ್ಮಜೀವಿಗಳು. ಅವುಗಳನ್ನು ಸಗಣಿ ಹಾಕಿ ಬೆಳೆಸುತ್ತಾರೆ. ಹಂಗಾಮಿಗೆ ಒಂದು ತಿಂಗಳ ಮೊದಲೇ ಘಟಕವನ್ನು ಸ್ಥಿರಗೊಳಿಸಬೇಕು, ಹಂಗಾಮು ಮುಗಿದ ಮೇಲೂ ಒಂದು ತಿಂಗಳು ನಡೆಸಬೇಕು ಎಂದು 2016ರ ಅಧಿಸೂಚನೆಯೇ ಹೇಳುತ್ತದೆ. ಹೊಂಡ ತೋಡಿ ಹಾಳೆ ಹಾಸಲು, ರೈತರೊಂದಿಗೆ ಕರಾರು ಮಾಡಿಕೊಳ್ಳಲು ತಿಂಗಳುಗಳೇ ಬೇಕು. ಡಿಸೆಂಬರಿನ ಟಿಪ್ಪಣಿಯಿಂದ ಆ ಹಂಗಾಮಿನಲ್ಲಿ ಆಗುವುದು ಕ್ಯಾಚರ್ ತೊಳೆಯುವುದು, ವೇಬ್ರಿಜ್ ಸರಿಪಡಿಸುವುದು, ಬಾಕಿ ಚುಕ್ತಾ ಮಾಡುವುದು ಇಷ್ಟೇ. ಉಳಿದವು ಮುಂದಿನ ವರ್ಷಕ್ಕೆ ಹೋಗುತ್ತವೆ. ಈ ಮೂರು ತಾಲ್ಲೂಕುಗಳ ಕಾರ್ಖಾನೆಗಳ ಆಡಳಿತ ಮಂಡಳಿಗಳು ತಪಾಸಣೆಯ ಮೊದಲ ಟಿಪ್ಪಣಿಯನ್ನು ಹಂಗಾಮು ಮುಗಿದ ತಿಂಗಳಲ್ಲೇ ತರಿಸಿಕೊಂಡು, ಮಳೆಗಾಲಕ್ಕೆ ಮುನ್ನ ಅದರ ಮೇಲೆ ತೀರ್ಮಾನ ಮಾಡಿ, ಆ ತೀರ್ಮಾನಗಳನ್ನು ವಾರ್ಷಿಕ ಮಹಾಸಭೆಯಲ್ಲಿ ಕಬ್ಬು ಬೆಳೆಗಾರರ ಮುಂದೆ ಓದಿ ಹೇಳಬೇಕು.